"ಡೆಲಿವರ್ಡ್" ಅಂದ್ರೆ ಡ್ಯೂಟಿ ಸೇರಿದೆಯೋ ಇಲ್ವೋ?

ನಾನು ಹುಬ್ಬಳ್ಳಿಯಿಂದ ಗುಳೇದಗುಡ್ಡ ಖಣದ ಬಟ್ಟೆಯಲ್ಲಿ ಹೊಲಿಸಿದ ಕುಶನ್ ಕವರ್‌ಗಳನ್ನು ಹೊರದೇಶಕ್ಕೆ ಕಳಿಸುತ್ತೇನೆ. ಶುರುವಿನಲ್ಲಿ ಒಂದು ಕೋಟೇಶನ್‌ನಲ್ಲಿ "ಡೆಲಿವರ್ಡ್ ಪ್ರೈಸ್" ಅಂತಷ್ಟೇ ಬರೆದು ಕೈ ಸುಟ್ಟುಕೊಂಡಿದ್ದೆ. ಬಾಗಿಲಿಗೆ ಸರಕು ಮುಟ್ಟಿಸುವ ಸಾಗಣೆ ಖರ್ಚು ನನ್ನದು ಅನ್ನೋದು ನನ್ನ ಲೆಕ್ಕ. ಡ್ಯೂಟಿ, ಟ್ಯಾಕ್ಸ್ ಎಲ್ಲಾ ಸೇರಿದೆ ಅನ್ನೋದು ಕೊಳ್ಳುವವರ ಲೆಕ್ಕ. ಪೆಟ್ಟಿಗೆಗಳು ಅಲ್ಲಿನ ಕಸ್ಟಮ್ಸ್‌ನಲ್ಲಿ ಕೂತವು, ದಿನದಿನಕ್ಕೂ ಬಾಡಿಗೆ ಏರಿತು. ಕೊನೆಗೆ ಜಗಳ ಬೇಡ ಅಂತ ನಾನೇ ಕಟ್ಟಿದೆ. ಆ ಆರ್ಡರ್‌ನಲ್ಲಿ ಉಳಿದದ್ದು ಏನೂ ಇಲ್ಲ.

ಹಾಗಾಗಿ 2024ರಲ್ಲಿ ಮೆಲ್ಬರ್ನ್‌ನಿಂದ ಧಾರವಾಡ ಮೂಲದ ಮೇಡಂ ಒಬ್ಬರು ಫೋನ್ ಮಾಡಿದಾಗ, ದರ ಹೇಳೋಕೆ ಮುಂಚೆ ಈ ಮಾತು ಎತ್ತಿದೆ. ಅವರು ಹೊಸದಾಗಿ ಮನೆ ಅಲಂಕಾರದ ಅಂಗಡಿ ಇಟ್ಟಿದ್ದರು. ಇಂಪೋರ್ಟ್ ಮಾಡ್ತಿರೋದು ಮೊದಲ ಸಲ. ಬೇಕಾಗಿದ್ದು 400 ಕವರ್. "ಎಕ್ಸ್-ವರ್ಕ್ಸ್ ರೇಟ್ ಕೊಟ್ಟುಬಿಡ್ರಿ, ಅದೇ ಕಡಿಮೆ ಅಂತ ಕೇಳೀನಿ" ಅಂದರು.

ಕಡಿಮೆ ಕಾಣೋದು ನಿಜ. ಎಕ್ಸ್-ವರ್ಕ್ಸ್ ದರ ಅಂದರೆ ನನ್ನ ಗೋಡೌನ್ ಬಾಗಿಲಿನ ದರ. ಸರಕು ಕಟ್ಟಿ ಅಲ್ಲಿ ಇಟ್ಟರೆ ನನ್ನ ಜವಾಬ್ದಾರಿ ಮುಗೀತು. ಲಾರಿಗೆ ಏರಿಸೋದೂ ಲೆಕ್ಕಕ್ಕೆ ಅವರ ಕೆಲಸ. ಅಲ್ಲಿಂದ ಮುಂದೆ ಲಾರಿ, ಭಾರತದ ಕಸ್ಟಮ್ಸ್, ವಿಮಾನ, ವಿಮೆ, ಆಸ್ಟ್ರೇಲಿಯಾದ ಡ್ಯೂಟಿ ಮತ್ತು ಟ್ಯಾಕ್ಸ್ ಎಲ್ಲವೂ ಕೊಳ್ಳುವವರ ತಲೆಮೇಲೆ.

"ಮೇಡಂ, ಇಲ್ಲಿ ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ನೀವು ಹೇಗೆ ಮಾಡಿಸ್ತೀರಿ?" ಅಂತ ಕೇಳಿದೆ. ಕಸ್ಟಮ್ಸ್‌ಗೆ ಕೊಡೋ ರಫ್ತಿನ ಘೋಷಣೆಗೆ ಶಿಪ್ಪಿಂಗ್ ಬಿಲ್ ಅಂತಾರೆ. ಅದನ್ನು ಹಾಕೋಕೆ ಐಇಸಿ, ಅಂದರೆ ಆಮದು-ರಫ್ತು ಮಾಡೋರಿಗೆ ಭಾರತ ಸರ್ಕಾರ ಕೊಡೋ ನಂಬರ್ ಬೇಕು. ಅದು ಅವರ ಹತ್ತಿರ ಎಲ್ಲಿಂದ ಬರಬೇಕು? ನನಗೂ ಆ ಶಿಪ್ಪಿಂಗ್ ಬಿಲ್ ನನ್ನ ಹೆಸರಲ್ಲೇ ಆಗಬೇಕು. ಇಲ್ಲದಿದ್ದರೆ ಜಿಎಸ್‌ಟಿಯವರಿಗೆ ಇದು ರಫ್ತು ಅಂತ ತೋರಿಸೋದು ಕಷ್ಟ, ಬ್ಯಾಂಕಿನಲ್ಲಿ ಬಂದ ಹಣಕ್ಕೆ ಲೆಕ್ಕ ಕೂಡಿಸೋದೂ ಕಷ್ಟ. ಅದಕ್ಕೇ ಹೊರದೇಶದ ಸಣ್ಣ ಗಿರಾಕಿಗೆ ನಾನು ಎಕ್ಸ್-ವರ್ಕ್ಸ್ ಕೊಡೋದಿಲ್ಲ. ಸಾಗಣೆ ತಾವೇ ನೋಡ್ಕೋತೀವಿ ಅನ್ನೋರಿಗೆ ಎಫ್‌ಸಿಎ ಬೆಂಗಳೂರು ಏರ್‌ಪೋರ್ಟ್ ಅಂತ ಕೊಡುತ್ತೇನೆ. ಆಗ ಇಲ್ಲಿನ ಕಸ್ಟಮ್ಸ್ ಮುಗಿಸಿ ಅವರ ಏಜೆಂಟ್ ಕೈಗೆ ಒಪ್ಪಿಸೋದು ನನ್ನ ಪಾಲು.

"ಹಂಗಾದ್ರ ಎಲ್ಲಾ ಸೇರಿಸಿ ಮನಿ ಬಾಗಿಲಿಗೆ ಕೊಡ್ರಿ" ಅಂದರು ಮೇಡಂ. ತೊಂದರೆ ಹುಟ್ಟೋದೇ ಇಲ್ಲಿ. ಬಾಗಿಲಿಗೆ ಕೊಡೋದರಲ್ಲೇ ಎರಡು ಥರ ಇದೆ. ಡಿಎಪಿಯಲ್ಲಿ ಬಾಗಿಲಿನವರೆಗೆ ಸಾಗಣೆ ನನ್ನದು, ಆ ದೇಶದ ಕ್ಲಿಯರೆನ್ಸ್, ಡ್ಯೂಟಿ, ಟ್ಯಾಕ್ಸ್ ಕೊಳ್ಳುವವರದು. ಡಿಡಿಪಿಯಲ್ಲಿ ಅದೂ ನನ್ನದೇ. ನಾನು ಹಿಂದೆ ಬರೆದಿದ್ದ "ಡೆಲಿವರ್ಡ್" ಅನ್ನೋ ಪದ ಇವೆರಡಕ್ಕೂ ಹೊಂದುತ್ತೆ, ಅದೇ ತಪ್ಪಾಗಿದ್ದು.

ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ ಅಂತ ಒಂದು ಹಾಳೆಯಲ್ಲಿ ಅವರದೇ ಆರ್ಡರ್ ಲೆಕ್ಕ ಬರೆದು ವಾಟ್ಸಾಪ್ ಮಾಡಿದೆ, ಆಸ್ಟ್ರೇಲಿಯಾ ಡಾಲರ್‌ನಲ್ಲಿ. ಕವರಿಗೆ 8 ಡಾಲರ್‌ನಂತೆ ಸರಕು 3,200. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಲಾರಿ, ಇಲ್ಲಿನ ಕ್ಲಿಯರೆನ್ಸ್ ಸೇರಿ 250. ವಿಮಾನ ಮತ್ತು ವಿಮೆ 550. ಮೆಲ್ಬರ್ನ್‌ನಲ್ಲಿ ಇಳಿದ ಮೇಲೆ ಏಜೆಂಟ್‌ನ ಕ್ಲಿಯರೆನ್ಸ್ ಫೀ 250, ಟರ್ಮಿನಲ್ ಚಾರ್ಜ್ ಮತ್ತು ಅಂಗಡಿವರೆಗಿನ ವ್ಯಾನ್ 200.

ಆಮೇಲೆ ಸರ್ಕಾರದ ಪಾಲು. 1,000 ಡಾಲರ್ ದಾಟಿದ ಸರಕಿಗೆ ಅಲ್ಲಿ ಇಂಪೋರ್ಟ್ ಡಿಕ್ಲರೇಶನ್ ಹಾಕಬೇಕು. ಕುಶನ್ ಕವರ್‌ಗೆ ಸಾಮಾನ್ಯ ಡ್ಯೂಟಿ ಶೇ. 5. ಆಸ್ಟ್ರೇಲಿಯಾ ಅದನ್ನು ವಿಮಾನದ ಬಾಡಿಗೆ ಬಿಟ್ಟು, ಇಲ್ಲಿಂದ ಹೊರಡುವ ಹೊತ್ತಿನ ಬೆಲೆಯ ಮೇಲೆ ಹಾಕುತ್ತದೆ. ಅಂದರೆ 3,200ಕ್ಕೆ ಇಲ್ಲಿನ 250 ಸೇರಿಸಿ 3,450ರ ಮೇಲೆ 172 ಡಾಲರ್ 50 ಸೆಂಟ್. ಆದರೆ ಭಾರತ ಮತ್ತು ಆಸ್ಟ್ರೇಲಿಯಾ ನಡುವಿನ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಸರಕು ಇಲ್ಲೇ ತಯಾರಾದದ್ದು ಅನ್ನೋ ಮೂಲ ಪ್ರಮಾಣಪತ್ರ ಇದ್ದರೆ ಈ ಡ್ಯೂಟಿ ಸೊನ್ನೆ. ಆ ಪತ್ರಕ್ಕೆ ಅರ್ಜಿ ಹಾಕಬೇಕಾದವನು ನಾನು, ಯಾವ ಷರತ್ತಿನಲ್ಲಿ ಮಾರಿದರೂ. ಅದಕ್ಕೇ "ಡ್ಯೂಟಿ ಸೊನ್ನೆ, ಆದರೆ ಪ್ರಮಾಣಪತ್ರ ನಾನು ಕೊಟ್ಟರೆ ಮಾತ್ರ" ಅಂತ ಹಾಳೆಯಲ್ಲೇ ಬರೆದೆ. ನಾನು ಮರೆತರೆ ಆ ದುಡ್ಡು ನನ್ನ ಜೇಬಿನಿಂದ ಅಂತಲೂ ಸೇರಿಸಿದೆ.

ಆಸ್ಟ್ರೇಲಿಯಾದ ಜಿಎಸ್‌ಟಿಯಿಂದ ಮಾತ್ರ ಪಾರಾಗೋ ದಾರಿ ಇಲ್ಲ. ಅದು ಶೇ. 10, ಮತ್ತು ಅದಕ್ಕೆ ವಿಮಾನದ ಬಾಡಿಗೆ, ವಿಮೆಯೂ ಸೇರುತ್ತೆ. 3,450ಕ್ಕೆ 550 ಕೂಡಿಸಿದರೆ 4,000. ಅದರ ಮೇಲೆ 400 ಡಾಲರ್.

ಎಲ್ಲಾ ಕೂಡಿಸಿದರೆ 4,850. ಈ ಮೊತ್ತಕ್ಕೆ ಅವರು ಸ್ವಲ್ಪ ಹೊತ್ತು ಉತ್ತರವೇ ಕೊಡಲಿಲ್ಲ. ಅವರ ತಲೆಯಲ್ಲಿದ್ದದ್ದು 3,200. "ನೀವು ಯಾವ ಷರತ್ತು ಆರಿಸಿದರೂ ಖರ್ಚು ಇಷ್ಟೇ ಇರುತ್ತೆ, ಯಾವ ಬಿಲ್ ಯಾರ ಹೆಸರಿಗೆ ಬರುತ್ತೆ ಅನ್ನೋದು ಮಾತ್ರ ಬದಲಾಗುತ್ತೆ" ಅಂದೆ. ಆಮೇಲೆ ನಾನೇ ತಿದ್ದಿಕೊಳ್ಳಬೇಕಾಯ್ತು, ಯಾಕಂದ್ರೆ ಅದು ಪೂರ್ತಿ ಸರಿಯಲ್ಲ.

"ನಿಮ್ಮ ಅಂಗಡಿ ಅಲ್ಲಿ ಜಿಎಸ್‌ಟಿಗೆ ನೋಂದಣಿ ಆಗಿದೆಯಾ?" ಅಂತ ಕೇಳಿದೆ. ಅಲ್ಲಿ ವರ್ಷದ ವಹಿವಾಟು 75,000 ಡಾಲರ್ ಮುಟ್ಟೋವರೆಗೆ ನೋಂದಣಿ ಕಡ್ಡಾಯ ಅಲ್ಲ. ಆದರೆ ಇವರು ಮೊದಲೇ ಮಾಡಿಸಿದ್ದರು. ಹಾಗಿದ್ದರೆ ಲೆಕ್ಕವೇ ಬೇರೆ. ಇಂಪೋರ್ಟರ್ ಅಂತ ಅವರ ಹೆಸರಿದ್ದರೆ ಆ 400 ಡಾಲರ್ ರಿಟರ್ನ್‌ನಲ್ಲಿ ವಾಪಸ್ ಸಿಗುತ್ತೆ. ಡಿಡಿಪಿ ಮಾಡಿದರೆ ಅಲ್ಲಿ ಇಂಪೋರ್ಟರ್ ನಾನಾಗಬೇಕು. ಅಲ್ಲಿ ನನಗೆ ನೋಂದಣಿ ಇಲ್ಲ, ಆ ದುಡ್ಡು ನನಗೂ ವಾಪಸ್ ಬರಲ್ಲ. ಅದನ್ನು ದರದಲ್ಲೇ ಸೇರಿಸುತ್ತೇನೆ, ಅದು ಅವರಿಗೂ ಸಿಗಲ್ಲ. ಎಲ್ಲಾ ಸೇರಿ ಅಂತ ಕೇಳಿದ್ದು ಅವರಿಗೇ 400 ಡಾಲರ್ ದುಬಾರಿ ಆಗ್ತಿತ್ತು.

ಹೀಗಾಗಿ ಡಿಎಪಿಗೆ ಒಪ್ಪಿದರು. ನನ್ನ ದರ 4,200, ಅವರು ಅಲ್ಲಿ ಕೊಡಬೇಕಾದ್ದು 650. ಸರಕು ಕಳಿಸೋ ಮುಂಚೆ ಕೊಡೋ ಪ್ರೊಫಾರ್ಮಾ ಬಿಲ್‌ನಲ್ಲಿ ಸುಮ್ನೆ "ಮೆಲ್ಬರ್ನ್" ಅಂತ ಹಾಕಲಿಲ್ಲ. ಡಿಎಪಿ, ಅಂಗಡಿಯ ಪೂರ್ತಿ ವಿಳಾಸ, ಇನ್‌ಕೋಟರ್ಮ್ಸ್ 2020 ಅಂತ ಬರೆದೆ. ಈ ಷರತ್ತುಗಳಲ್ಲಿ ಯಾರ ಪಾಲು ಏನು ಅಂತ ಹೇಳೋ ಅಂತರರಾಷ್ಟ್ರೀಯ ನಿಯಮಗಳೇ ಇನ್‌ಕೋಟರ್ಮ್ಸ್. ಇನ್‌ವಾಯ್ಸ್‌ನಲ್ಲಿ 4,200 ಒಂದೇ ಮೊತ್ತವಾಗಿ ತೋರಿಸದೆ ಸರಕು, ಇಲ್ಲಿನ ಖರ್ಚು, ವಿಮಾನ ಮತ್ತು ವಿಮೆ, ಅಲ್ಲಿನ ಸಾಗಣೆ ಅಂತ ಬಿಡಿಸಿದೆ. ಇಲ್ಲದಿದ್ದರೆ ಟ್ಯಾಕ್ಸ್ ಬೇಕಿಲ್ಲದ ಮೊತ್ತದ ಮೇಲೂ ಟ್ಯಾಕ್ಸ್ ಬೀಳಬಹುದು.

ಅಡ್ವಾನ್ಸ್ ತಗೊಳ್ಳೋ ಮುಂಚೆ ಒಂದೇ ಪ್ರಶ್ನೆ ಕೇಳಿ ಮೇಲ್‌ನಲ್ಲಿ ಉತ್ತರ ಕೇಳಿದೆ: "ಸರಕು ಇಳಿದ ದಿನ ಏಜೆಂಟ್ ಫೋನ್ ಮಾಡಿ ದುಡ್ಡು ಕೇಳಿದರೆ ಏನು ಹೇಳ್ತೀರಿ?" ಅರ್ಥ ಆಯ್ತಾ ಅಂತ ಕೇಳಿದರೆ ಎಲ್ಲರೂ ಹೌದು ಅಂತಾರೆ. ಇದಕ್ಕೆ ಹಾಗೆ ತಪ್ಪಿಸಿಕೊಳ್ಳೋಕೆ ಆಗಲ್ಲ. "250 ಫೀ, 400 ಜಿಎಸ್‌ಟಿ ನಾನೇ ಕೊಡ್ತೀನಿ, ತಡಮಾಡಿದರೆ ಗೋಡೌನ್ ಬಾಡಿಗೆಯೂ ನಂದೇ" ಅಂತ ಬರೆದು ಕಳಿಸಿದರು. ಅವತ್ತೇ ಖಣಕ್ಕೆ ಆರ್ಡರ್ ಹಾಕಿದೆ.

ಸರಕು ಇಳಿಯಿತು, ಏಜೆಂಟ್ ಕೇಳಿದ, ಅವರು ಅವತ್ತೇ ಕಟ್ಟಿದರು. ಡ್ಯೂಟಿ ಸೊನ್ನೆ ಬಿತ್ತು. ಆದರೂ ಒಂದು ಫೋನ್ ಬಂತು. "ವ್ಯಾನಿನವ ಪೆಟ್ಟಿಗಿ ಇಳಸಂಗಿಲ್ಲ ಅಂತಾನ್ರೀ!" ಡಿಎಪಿಯಲ್ಲಿ ವಾಹನದಿಂದ ಇಳಿಸೋದು ಕೊಳ್ಳುವವರ ಕೆಲಸ. ಡ್ಯೂಟಿಯ ಗುಂಗಿನಲ್ಲಿ ನಾನು ಅದನ್ನು ಹಾಳೆಯಲ್ಲಿ ಬರೆದೇ ಇರಲಿಲ್ಲ. ಪಕ್ಕದ ಅಂಗಡಿಯ ಹುಡುಗ ಬಂದು ಇಳಿಸಿಕೊಟ್ಟನಂತೆ. ಈಗ ಹಾಳೆಯಲ್ಲಿ ಆ ಸಾಲೂ ಇದೆ.