ಲೇಔಟಿನ ಮಳೆನೀರು ಹಿಡಿಯುವ ಹೊಂಡಕ್ಕೆ ನಾನು ಅಳತೆ ಹಾಕಿದ್ದು ಹೀಗೆ

ಹೊಸ ಲೇಔಟಿನ ಮಳೆನೀರಿನ ಹೊಂಡ ಎಷ್ಟು ದೊಡ್ಡದಿರಬೇಕು ಅಂತ ಕೇಳಿದರೆ ಬಹಳ ಜನ ಚರಂಡಿಗೆ ಹಾಕಿದ ಲೆಕ್ಕವನ್ನೇ ತಂದು ಹೊಂಡಕ್ಕೂ ಹಚ್ಚಿಬಿಡುತ್ತಾರೆ. ಎರಡೂ ಒಂದೇ ಮಳೆಯ ನೀರು ನಿಜ, ಆದರೆ ಪ್ರಶ್ನೆ ಬೇರೆ. ನೀರು ಅತಿ ಹೆಚ್ಚು ಅಂದರೆ ಎಷ್ಟು ರಭಸದಲ್ಲಿ ಬರುತ್ತದೆ ಅನ್ನೋದು ಗೊತ್ತಾದರೆ ಚರಂಡಿಗೆ ಸಾಕು. ಹೊಂಡಕ್ಕೆ ಒಳಗೆ ಬಂದ ನೀರು ಎಷ್ಟು, ಅಷ್ಟರೊಳಗೆ ಹೊರಗೆ ಹೋದದ್ದು ಎಷ್ಟು, ಎರಡೂ ಬೇಕು. ಉಳಿದ ನೀರಿಗೆ ತಾನೇ ಹೊಂಡದಲ್ಲಿ ಜಾಗ ಬೇಕಾಗೋದು?

ನಾನು ಮಾಡಿದ ಒಂದು ಲೇಔಟಿನ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ. ಒಟ್ಟು ಜಾಗ 4 ಹೆಕ್ಟೇರ್, ಮೊದಲು ಬಯಲು ಹೊಲ. ಷರತ್ತು ಇಷ್ಟೇ: 10 ವರ್ಷದ ಮಳೆ ಬಂದಾಗ, ಅಂದರೆ ಯಾವುದೇ ವರ್ಷದಲ್ಲಿ ಹತ್ತರಲ್ಲಿ ಒಂದು ಪಾಲು ಸಾಧ್ಯತೆ ಇರುವ ಮಳೆ ಬಂದಾಗ, ಹೊಲವಾಗಿದ್ದಾಗ ಹೋಗುತ್ತಿದ್ದಕ್ಕಿಂತ ಜಾಸ್ತಿ ರಭಸದಲ್ಲಿ ನೀರು ಆಚೆ ಹೋಗಬಾರದು.

ಮೊದಲು ಹಳೆಯ ಸ್ಥಿತಿ. ಇಷ್ಟು ಸಣ್ಣ ಜಾಗಕ್ಕೆ ರ‍್ಯಾಷನಲ್ ಸೂತ್ರ ಸಾಕು:

```
Q = C × i × A / 360
```

ಇಲ್ಲಿ Q ಸೆಕೆಂಡಿಗೆ ಎಷ್ಟು ಘನ ಮೀಟರ್ ಅನ್ನೋದು, i ಮಳೆಯ ತೀವ್ರತೆ ಗಂಟೆಗೆ ಮಿ.ಮೀ.ಗಳಲ್ಲಿ, A ಹೆಕ್ಟೇರಿನಲ್ಲಿ. C ಅಂದರೆ ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು. ಹೊಲಕ್ಕೆ 0.30 ಹಿಡಿದೆ. ದೂರದ ಮೂಲೆಯ ನೀರು ಕೆಳಗಿನ ತುದಿಗೆ ಬಂದು ಸೇರಲು ಸುಮಾರು 30 ನಿಮಿಷ. ಆ ಅವಧಿಗೆ ಮಳೆ ಪಟ್ಟಿಯಲ್ಲಿ ತೀವ್ರತೆ ಗಂಟೆಗೆ 68 ಮಿ.ಮೀ. ಇತ್ತು. ಹಾಕಿ ನೋಡಿದರೆ ಸೆಕೆಂಡಿಗೆ 227 ಲೀಟರ್. ಇದೇ ನನ್ನ ಮಿತಿ.

ಈಗ ಲೇಔಟ್ ಆದ ಮೇಲೆ. ಚಾವಣಿ, ರಸ್ತೆ, ಸಿಮೆಂಟ್ ಹಾಕಿದ ಅಂಗಳ ಎಲ್ಲ ಸೇರಿ 55 ಶೇಕಡಾ, ಅದಕ್ಕೆ C 0.9. ಉಳಿದ ಪಾರ್ಕು, ಮಣ್ಣಿನ ಜಾಗಕ್ಕೆ 0.35. ಸರಾಸರಿ 0.65 ಬರುತ್ತದೆ. ಇಲ್ಲಿ ಒಂದು ಮಾತು: ಲೇಔಟ್ ಆದ ಹೊಸತರಲ್ಲಿ ಅರ್ಧಕ್ಕರ್ಧ ಸೈಟು ಖಾಲಿ ಬಿದ್ದಿರುತ್ತವೆ, ಅದನ್ನು ನೋಡಿ C ಕಡಿಮೆ ಹಿಡಿಯಬೇಡಿ. ಕೊನೆಯ ಸೈಟಿನಲ್ಲೂ ಮನೆ ಎದ್ದು, ಅಂಗಳಕ್ಕೂ ಸಿಮೆಂಟ್ ಬಿದ್ದ ದಿನದ ಲೆಕ್ಕ ಬೇಕು. ಚರಂಡಿಯಲ್ಲಿ ನೀರು ಬೇಗ ಓಡುವುದರಿಂದ 30 ನಿಮಿಷ ಇದ್ದದ್ದು 15ಕ್ಕೆ ಇಳಿಯಿತು. 15 ನಿಮಿಷದ ಮಳೆಯ ತೀವ್ರತೆ ಗಂಟೆಗೆ 100 ಮಿ.ಮೀ. ಹಾಗಾಗಿ ಹೊಸ ಹರಿವು ಸೆಕೆಂಡಿಗೆ 722 ಲೀಟರ್, ಮೂರು ಪಟ್ಟಿಗಿಂತ ಜಾಸ್ತಿ.

ಇನ್ನು ಅಸಲಿ ವಿಷಯ. 722 ಲೀಟರ್ ಬರೋದು 15 ನಿಮಿಷದ ಮಳೆಯಲ್ಲಿ. ಹಾಗಂತ ಹೊಂಡವನ್ನೂ ಆ 15 ನಿಮಿಷದ ಮಳೆಗೇ ಅಳೆದರೆ ಹೊಂಡ ಚಿಕ್ಕದಾಗುತ್ತದೆ. ಇನ್ನೂ ಹೆಚ್ಚು ಹೊತ್ತು ಸುರಿಯುವ ಮಳೆಗೆ ತೀವ್ರತೆ ಕಡಿಮೆ ಇರಬಹುದು, ಆದರೆ ಒಟ್ಟು ನೀರು ಜಾಸ್ತಿ. ಆ ನೀರೆಲ್ಲ ತೂಬಿನ ಮೂಲಕ ಹೋಗಲು ಪುರಸೊತ್ತು ಸಿಗುವ ತನಕ ಹೊಂಡದಲ್ಲೇ ಕಾಯಬೇಕು. ಹಾಗೆಂದು ಮಳೆ ತೀರಾ ಉದ್ದವಾದರೆ ತೂಬಿಗೂ ಸಮಯ ಸಿಕ್ಕಿ ನೀರು ಖಾಲಿಯಾಗುತ್ತಾ ಹೋಗುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಅವಧಿಯ ಮಳೆ ಹೊಂಡಕ್ಕೆ ಅತಿ ಕೆಟ್ಟದ್ದು. ಅದು ಯಾವುದು ಅಂತ ಊಹೆ ಮಾಡಲು ಆಗೋದಿಲ್ಲ, ಒಂದೊಂದೇ ಅವಧಿ ಹಾಕಿ ಹುಡುಕಬೇಕು. ನಾನು ಬಳಸಿದ ಸೂತ್ರ:

```
V = 60 × (Qi × D − Qo × (D + tc) / 2)
```

D ಮಳೆಯ ಅವಧಿ ನಿಮಿಷಗಳಲ್ಲಿ, Qi ಆ ಅವಧಿಯ ಮಳೆಗೆ ಬರುವ ಒಳಹರಿವು, Qo ನಮ್ಮ ಮಿತಿ 0.227, tc ಆ 15 ನಿಮಿಷ. ಎಡಗಡೆ ಬರೋದು ಹೊಂಡದಲ್ಲಿ ಬೇಕಾದ ಜಾಗ, ಘನ ಮೀಟರಿನಲ್ಲಿ. ಇಂಥ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ 26 ಘನ ಮೀಟರ್ ನೀರು ಅಂತ ತಲೆಯಲ್ಲಿಟ್ಟುಕೊಂಡರೆ ಲೆಕ್ಕ ಬಾಯಲ್ಲೇ ಆಗುತ್ತದೆ.

15 ನಿಮಿಷಕ್ಕೆ 446 ಬಂತು. 30 ನಿಮಿಷಕ್ಕೆ 578. 45 ನಿಮಿಷದ ಮಳೆಯ ತೀವ್ರತೆ ಬರೀ 52 ಮಿ.ಮೀ., ಆದರೆ ಬೇಕಾದ ಜಾಗ 605. 60 ನಿಮಿಷಕ್ಕೆ ಮತ್ತೆ ಇಳಿದು 581, 90ಕ್ಕೆ 494. ಅಂದರೆ ಇಲ್ಲಿ ಹೊಂಡವನ್ನು ತುಂಬಿಸುವ ಮಳೆ ಮುಕ್ಕಾಲು ಗಂಟೆಯದ್ದು. ಚರಂಡಿ ಲೆಕ್ಕದಲ್ಲೇ ನಿಂತಿದ್ದರೆ 160 ಘನ ಮೀಟರ್ ಕಡಿಮೆ ಬೀಳುತ್ತಿತ್ತು. ನಿಮ್ಮ ಜಾಗದ ಮಳೆ ಪಟ್ಟಿ ಬೇರೆ, ಅಂಕಿಗಳು ಬೇರೆ ಬರುತ್ತವೆ. ಆದರೆ ಹೊರಗೆ ಬಿಡುವ ಮಿತಿ ಬಿಗಿಯಾದಷ್ಟೂ ಈ ಕೆಟ್ಟ ಮಳೆಯ ಅವಧಿ ಉದ್ದವಾಗುತ್ತದೆ. ಮಿತಿ ತೀರಾ ಕಡಿಮೆ ಇದ್ದರೆ ಗಂಟೆಗಟ್ಟಲೆ ಸುರಿಯುವ ಮಳೆಯನ್ನೂ ಹಾಕಿ ನೋಡಬೇಕು.

605 ಇನ್ನೂ ಅಂದಾಜು, ಯಾಕೆಂದರೆ ತೂಬಿನ ಹರಿವು ಸೊನ್ನೆಯಿಂದ 227 ಲೀಟರಿಗೆ ಒಂದೇ ಸಮನೆ ಏರುತ್ತದೆ ಅಂತ ಈ ಸೂತ್ರ ಹಿಡಿಯುತ್ತದೆ. ನಿಜವಾಗಿ ಅದು ಏರೋದು ಹೊಂಡದಲ್ಲಿ ನೀರಿನ ಮಟ್ಟ ಏರಿದ ಹಾಗೆ. ಹಾಗಾಗಿ ಮುಂದಿನ ಹೆಜ್ಜೆ ಹೊಂಡಕ್ಕೆ ಒಂದು ಆಕಾರ ಕೊಟ್ಟು, ತೂಬು ಇಟ್ಟು, ನಿಮಿಷ ನಿಮಿಷಕ್ಕೂ ನೀರನ್ನು ಒಳಗೆ ಬಿಟ್ಟು ನೋಡೋದು.

ತಳ 28 × 16 ಮೀಟರ್ ಇಟ್ಟೆ. ಬದಿಗಳ ಇಳಿಜಾರು ಒಂದಕ್ಕೆ ಮೂರು, ಅಂದರೆ ಮೂರು ಮೀಟರ್ ಅಡ್ಡ ಹೋದರೆ ಒಂದು ಮೀಟರ್ ಎತ್ತರ. ಇದಕ್ಕಿಂತ ಕಡಿದಾದರೆ ಮಣ್ಣು ಜಾರುತ್ತದೆ, ಹುಲ್ಲು ಕೊಯ್ಯಲು ಕಷ್ಟ, ಒಳಗೆ ಬಿದ್ದವರು ಹತ್ತಿ ಬರಲೂ ಕಷ್ಟ. ಈ ಆಕಾರದಲ್ಲಿ 1 ಮೀಟರ್ ಆಳಕ್ಕೆ 592 ಘನ ಮೀಟರ್, 1.2 ಮೀಟರಿಗೆ 748 ಹಿಡಿಯುತ್ತದೆ. ತೂಬಿಗೆ ಒಂದು ಕಾಂಕ್ರೀಟ್ ಪೆಟ್ಟಿಗೆ, ಅದರ ಮುಖಕ್ಕೆ ಬೋಲ್ಟ್ ಹಾಕಿದ ಉಕ್ಕಿನ ತಗಡು, ತಗಡಿನಲ್ಲಿ 325 ಮಿ.ಮೀ. ದುಂಡನೆ ತೂತು, ತೂತಿನ ಕೆಳ ಅಂಚು ಹೊಂಡದ ತಳದ ಮಟ್ಟಕ್ಕೆ. ಸುಮ್ನೆ ಒಂದು ಪೈಪು ಇಟ್ಟರೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ಆದರೆ ಮಾರಾಟಕ್ಕಿರುವ ಪೈಪಿನ ಅಳತೆಗೆ ನಮ್ಮ ಲೆಕ್ಕ ಬಗ್ಗಬೇಕಾಗುತ್ತದೆ. ತಗಡಾದರೆ ಬೇಕಾದ ಅಳತೆಗೇ ಕತ್ತರಿಸಬಹುದು, ಮುಂದೆ ಬದಲಿಸಲೂಬಹುದು.

ಈ ತೂತಿನ ಹರಿವು `Q = 0.6 × a × √(2 × g × h)`. a ತೂತಿನ ವಿಸ್ತೀರ್ಣ, h ನೀರಿನ ಮಟ್ಟದಿಂದ ತೂತಿನ ನಡುಮಧ್ಯದವರೆಗಿನ ಎತ್ತರ. ಮಟ್ಟ 1.2 ಮೀಟರ್ ಇದ್ದಾಗ ಸೆಕೆಂಡಿಗೆ 225 ಲೀಟರ್, ಮಿತಿಯ ಒಳಗೇ. 45 ನಿಮಿಷದ ಮಳೆಯನ್ನು ಐದೈದು ನಿಮಿಷದ ತುಂಡು ಮಾಡಿ ಸ್ಪ್ರೆಡ್‌ಶೀಟಿನಲ್ಲಿ ಓಡಿಸಿದೆ. ಪ್ರತಿ ತುಂಡಿನಲ್ಲೂ ಬಂದದ್ದು ಕೂಡಿ, ಹೋದದ್ದು ಕಳೆದು, ಉಳಿದದ್ದರಿಂದ ಹೊಸ ಮಟ್ಟ ಕಂಡುಹಿಡಿಯೋದು, ಅಷ್ಟೇ ಕೆಲಸ. ಮಳೆ ನಿಂತು ಐದಾರು ನಿಮಿಷ ಕಳೆದ ಮೇಲೆ ಹೊಂಡ ಅತಿ ಹೆಚ್ಚು ತುಂಬಿತ್ತು: ಸುಮಾರು 585 ಘನ ಮೀಟರ್, ಆಳ 1 ಮೀಟರಿಗೆ ಕೂದಲೆಳೆಯಷ್ಟು ಕಡಿಮೆ, ಹೊರಹರಿವು 200 ಲೀಟರ್. 60 ನಿಮಿಷದ ಮಳೆಯನ್ನೂ ಓಡಿಸಿದೆ, ಅದು 555 ದಾಟಲಿಲ್ಲ.

ಹಾಗಾದರೆ 1 ಮೀಟರ್ ಆಳ ಸಾಕಲ್ವಾ, ಮೇಲಿನ 20 ಸೆಂ.ಮೀ. ಯಾಕೆ ಅಂತ ಅಗೆಯುವ ಕಾಂಟ್ರಾಕ್ಟರ್ ಕೇಳಿದ್ದರು. ಅದಕ್ಕೆ ನನ್ನ ಉತ್ತರ ಪ್ಲಾಸ್ಟಿಕ್ ಚೀಲ. ತೂತಿನ ಮುಂದೆ ಜಾಲರಿ ಇದ್ದರೂ ಮೊದಲ ದೊಡ್ಡ ಮಳೆಗೆ ಲೇಔಟಿನ ಎಲೆ, ಚೀಲ, ಕಡ್ಡಿ ಎಲ್ಲ ಬಂದು ಅಲ್ಲೇ ಮೆತ್ತಿಕೊಳ್ಳುತ್ತವೆ. ಅರ್ಧ ತೂತು ಮುಚ್ಚಿದೆ ಅಂತ ಇಟ್ಟುಕೊಂಡು ಅದೇ ಮಳೆ ಮತ್ತೆ ಓಡಿಸಿದರೆ 768 ಘನ ಮೀಟರ್ ಬಂತು, ಅಂದರೆ 1.2 ಮೀಟರ್ ಮುಟ್ಟಿ ಎರಡು ಮೂರು ಸೆಂ.ಮೀ. ಮೇಲೆ. ಹಾಗಾಗಿ ಕೋಡಿಯನ್ನು 1.2ಕ್ಕೆ ಇಟ್ಟೆ. ತೂಬು ಅರ್ಧ ಕಟ್ಟಿಕೊಂಡರೂ 10 ವರ್ಷದ ಮಳೆಗೆ ಕೋಡಿ ಬೀಳೋದು ಹೆಸರಿಗೆ ಮಾತ್ರ.

ಕೋಡಿಯ ಲೆಕ್ಕದಲ್ಲಿ ಮಾತ್ರ ದಯೆ ತೋರಿಸಬಾರದು. ತೂಬು ಪೂರ್ತಿ ಮುಚ್ಚಿದೆ, ಹೊಂಡ ಆಗಲೇ ತುಂಬಿದೆ, ಆಗ 100 ವರ್ಷದ ಮಳೆ ಬಂತು ಅಂತ ಹಿಡಿಯಬೇಕು. 15 ನಿಮಿಷಕ್ಕೆ ಆ ತೀವ್ರತೆ 150 ಮಿ.ಮೀ. ಇತ್ತು, ಹರಿವು ಸೆಕೆಂಡಿಗೆ 1.08 ಘನ ಮೀಟರ್. `Q = 1.7 × L × H^1.5` ಪ್ರಕಾರ 4 ಮೀಟರ್ ಅಗಲದ ಕೋಡಿಯ ಮೇಲೆ 30 ಸೆಂ.ಮೀ. ನೀರು ಹರಿದರೆ ಇದು ದಾಟಿ ಹೋಗುತ್ತದೆ. ಅದರ ಮೇಲೆ ಇನ್ನೂ 30 ಸೆಂ.ಮೀ. ಬಿಟ್ಟು ಏರಿಯ ತಲೆ 1.8 ಮೀಟರಿಗೆ ಬಂತು. ಕೋಡಿಯ ಬೆನ್ನಿಗೆ ಕಲ್ಲು ಹಾಸಬೇಕು, ಇಲ್ಲದಿದ್ದರೆ ಅದೇ ನೀರು ಏರಿಯನ್ನು ಕೊರೆದು ತನ್ನ ಜೊತೆ ಕರೆದುಕೊಂಡು ಹೋಗುತ್ತದೆ.

ಮುಗಿಯಿತು ಅನ್ನುವ ಮೊದಲು ಎರಡು ಕಡೆ ನೋಡಿ. ಒಂದು, ನೀರು ಹೋಗಿ ಸೇರುವ ಚರಂಡಿ. ಮಳೆಯಲ್ಲಿ ಅದರ ಮಟ್ಟ ಹೊಂಡದ ತಳಕ್ಕಿಂತ ಅರ್ಧ ಮೀಟರ್ ಮೇಲೆ ನಿಂತರೆ, ಹೊಂಡದಲ್ಲಿ 1 ಮೀಟರ್ ನೀರಿದ್ದಾಗಲೂ ತೂತಿನ ಹರಿವು 200 ಲೀಟರಿನಿಂದ 156ಕ್ಕೆ ಬೀಳುತ್ತದೆ. ಆಗ ಮೇಲಿನ ಲೆಕ್ಕವೆಲ್ಲ ಹೊಸದಾಗಿ ಓಡಿಸಬೇಕು. ಹಾಗಾಗಿ ಚರಂಡಿಯಲ್ಲಿ ಮಳೆನೀರು ಎಲ್ಲಿಯವರೆಗೆ ಏರಿತ್ತು ಅನ್ನುವ ಗುರುತನ್ನು ಗೋಡೆಯ ಮೇಲೆ ಹುಡುಕಿ, ಆಮೇಲೇ ತಳದ ಮಟ್ಟ ನಿಗದಿ ಮಾಡಿದೆ.

ಇನ್ನೊಂದು, ಸಣ್ಣ ಮಳೆ. 10 ವರ್ಷದ ಮಳೆಗೆ ಅಳೆದ ತೂತು ಸಣ್ಣ ಮಳೆಗೆ ತುಸು ದೊಡ್ಡದಾಗುತ್ತದೆ. 2 ವರ್ಷದ ಮಳೆಯ ತೀವ್ರತೆ 10 ವರ್ಷದ್ದರ 60 ಶೇಕಡಾ ಅಂತ ಹಿಡಿದರೆ, ಹೊಲದಿಂದ ಹೋಗುತ್ತಿದ್ದದ್ದು ಸೆಕೆಂಡಿಗೆ 136 ಲೀಟರ್, ಈ ಹೊಂಡ ಬಿಡೋದು 146. ನನ್ನ ಷರತ್ತು 10 ವರ್ಷದ ಮಳೆಗೆ ಮಾತ್ರ ಇದ್ದದ್ದರಿಂದ ಅಷ್ಟಕ್ಕೇ ಬಿಟ್ಟೆ. ಎರಡಕ್ಕೂ ಷರತ್ತು ಇದ್ದರೆ ಕೆಳಗೆ ಚಿಕ್ಕ ತೂತು, ಮೇಲೆ ಇನ್ನೊಂದು ಅಂತ ಎರಡು ಹಂತ ಮಾಡಬೇಕು. ಆಗ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ, ಹೊಂಡವೂ ಸ್ವಲ್ಪ ಬೆಳೆಯುತ್ತದೆ.

ಅಗೆದು ಮುಗಿದ ಮೇಲೆ ಬಿಲ್ ಪಾಸ್ ಮಾಡುವ ಮೊದಲು ಲೆವೆಲ್ ಹಿಡಿಸಿ. ತೂತಿನ ಕೆಳ ಅಂಚು, ಕೋಡಿ, ಏರಿಯ ತಲೆ, ತಳದ ನಾಲ್ಕು ಮೂಲೆ, ಇಷ್ಟು ಸಾಕು. ಮನೆ ಕಟ್ಟುವ ಕಾಲದಲ್ಲಿ ಮರಳು, ಮಣ್ಣು ಎಲ್ಲ ತೊಳೆದುಕೊಂಡು ಇಲ್ಲಿಗೇ ಬರುವುದರಿಂದ ಹೂಳು ಬೇಗ ತುಂಬುತ್ತದೆ. ತಳದಲ್ಲಿ 10 ಸೆಂ.ಮೀ. ಹೂಳು ಕೂತರೆ 46 ಘನ ಮೀಟರ್ ಜಾಗ ಹೋಯಿತು. ಅದಕ್ಕೆ ತಳದಲ್ಲಿ ಒಂದು ಕಲ್ಲಿನ ಕಂಬ ನೆಡಿಸಿ, ತೂತಿನ ಕೆಳ ಅಂಚಿನ ಮಟ್ಟಕ್ಕೆ ಒಂದು ಗೆರೆ, ಅದರ ಮೇಲೆ 10 ಸೆಂ.ಮೀ.ಗೆ ಕೆಂಪು ಗೆರೆ ಹೊಡೆಸಿದೆ. ಕೆಂಪು ಗೆರೆಗೆ ಹೂಳು ಬಂದರೆ ಎತ್ತಿಸಬೇಕು ಅಂತ ನಿರ್ವಹಣೆಯವರಿಗೆ ಬರೆದುಕೊಟ್ಟೆ.