ಬಡ್ಡಿ ಯಾರ ಖಾತೆಯಿಂದ ಹೋಗಬೇಕು?

ಮಗಳು 2022ರಲ್ಲಿ ಇಂಜಿನಿಯರಿಂಗ್ ಮುಗಿಸಿದಳು. ಮರುವರ್ಷ ಶಿಕ್ಷಣ ಸಾಲದ ಕಂತು ಶುರುವಾದಾಗ, ‘ನನ್ನ ಓದು, ನನ್ನ ಸಾಲ, ನಾನೇ ಕಟ್ಟುತ್ತೇನೆ ಅಪ್ಪಾ’ ಎಂದು ಹಟ ಹಿಡಿದಳು. ಅವಳ ಸಂಬಳ ವರ್ಷಕ್ಕೆ ಆರು ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ ಅವಳಿಗೆ ತೆರಿಗೆಯೇ ಬರುತ್ತಿರಲಿಲ್ಲ. ಶಿಕ್ಷಣ ಸಾಲದ ಬಡ್ಡಿ ಕಟ್ಟಿದವರು ಅದನ್ನು ಆದಾಯದಿಂದ ಕಳೆದು ತೆರಿಗೆ ಉಳಿಸಬಹುದು, ಆದರೆ ಇಲ್ಲದ ತೆರಿಗೆಯಲ್ಲಿ ಏನನ್ನು ಉಳಿಸುವುದು?

ಸಾಲದ ಪತ್ರದಲ್ಲಿ ಸಹಸಾಲಗಾರನಾಗಿ ನನ್ನ ಸಹಿಯೂ ಇತ್ತು. ಮನೆ ಸಾಲದ ಬಡ್ಡಿಯೂ ಇದ್ದುದರಿಂದ ನನಗೆ ಇಂಥ ಕಡಿತಗಳಿರುವ ಹಳೆಯ ಪದ್ಧತಿಯೇ ಲಾಭ. ಕಂತು ನನ್ನ ಖಾತೆಯಿಂದಲೇ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟೆ. 2023-24ರಲ್ಲಿ ಕಟ್ಟಿದ ಬಡ್ಡಿ 52,000 ರೂಪಾಯಿ. ಶಿಕ್ಷಣ ಸಾಲಕ್ಕೆ ಈ ಕಡಿತ ಕೊಡುವ, 1961ರ ಆದಾಯ ತೆರಿಗೆ ಕಾಯ್ದೆಯ 80ಇ ಕಲಮಿನಲ್ಲಿ ಬಡ್ಡಿಗೆ ಗರಿಷ್ಠ ಮಿತಿ ಇಲ್ಲ, ಆದರೆ ಅಸಲಿಗೆ ಚಿಕ್ಕಾಸೂ ಸಿಗುವುದಿಲ್ಲ. ಶೇ 20ರ ಹಂತದಲ್ಲಿದ್ದ ನನಗೆ ಸೆಸ್ ಸೇರಿ 10,816 ರೂಪಾಯಿ ಉಳಿಯಿತು. ಬ್ಯಾಂಕಿನಿಂದ ಅಸಲು, ಬಡ್ಡಿ ಬೇರೆ ಬೇರೆ ತೋರಿಸಿದ ಪ್ರಮಾಣಪತ್ರ ಪಡೆದು ಇಟ್ಟುಕೊಂಡೆ.

ಎಡವಿದ್ದು ಇನ್ನೊಂದು ಕಡೆ. ಅವಳು ಓದುತ್ತಿದ್ದಾಗಲೇ, 2018-19ರಿಂದ, ಬಡ್ಡಿ ಬೆಳೆಯದಿರಲಿ ಎಂದು ಕಟ್ಟುತ್ತಾ ಬಂದಿದ್ದೆ. ಈ ಕಡಿತ ಎಂಟು ವರ್ಷ ಮಾತ್ರ, ಮೊದಲು ಬಡ್ಡಿ ಕಟ್ಟಿದ ವರ್ಷದಿಂದಲೇ ಅದರ ಲೆಕ್ಕ ಆರಂಭ ಎಂಬುದು ಆಗ ಗೊತ್ತಿರಲಿಲ್ಲ. ಹೀಗಾಗಿ ನನ್ನ ಅವಧಿ 2025-26ಕ್ಕೇ ಕೊನೆ, ಕಂತು ಮಾತ್ರ 2030ರವರೆಗೆ ಇದೆ. ಆದರೂ ಪಶ್ಚಾತ್ತಾಪವಿಲ್ಲ. ಕಟ್ಟದೆ ಬಿಟ್ಟಿದ್ದರೆ ನಾಲ್ಕೈದು ವರ್ಷದ ಬಡ್ಡಿ ಸಾಲದ ಮೇಲೆಯೇ ಕೂರುತ್ತಿತ್ತು.

ಓದಿಗೆ, ಚಿಕಿತ್ಸೆಗೆ ಮನೆಯವರೇ ಮುಂದಾಗಿ ಹಣ ಹೊಂದಿಸಿದರೆ ಸರ್ಕಾರದ ಹೊರೆ ಅಷ್ಟು ಹಗುರ, ಅದಕ್ಕಾಗಿ ತೆರಿಗೆಯಲ್ಲಿ ಸ್ವಲ್ಪ ಬಿಟ್ಟುಕೊಡೋಣ ಎಂಬುದು ಇದರ ಹಿಂದಿನ ತರ್ಕ. ವಯಸ್ಸಾದಂತೆ ಆರೋಗ್ಯ ವಿಮೆಯ ಪ್ರೀಮಿಯಂ ಏರುತ್ತದೆ, ಹಾಗಾಗಿ ಅದಕ್ಕೆ ಕಡಿತ ಕೊಡುವ 80ಡಿ ಕಲಮಿನಲ್ಲಿ ತಂದೆತಾಯಿಗೆ 25,000 ಇರುವ ಮಿತಿ, ಅವರಿಗೆ ಅರವತ್ತು ತುಂಬಿದರೆ 50,000. ಇಷ್ಟಾದರೂ ನನಗೊಂದು ತಕರಾರಿದೆ: ಶೇ 30ರ ಹಂತದವನಿಗೆ ಹೆಚ್ಚು ಉಳಿತಾಯ, ತೆರಿಗೆಯ ಮಟ್ಟಕ್ಕೇ ಬಾರದ ಆಟೊ ಚಾಲಕನಿಗೆ ಸೊನ್ನೆ. ಅಂಥವರ ಮಕ್ಕಳಿಗೆ ಬಡ್ಡಿ ಸಹಾಯಧನವೇ ದಾರಿ. ಹೊಸ ಪದ್ಧತಿಯಲ್ಲಂತೂ ಈ ಎರಡೂ ಕಡಿತಗಳಿಲ್ಲ.

ಅಮ್ಮನ ವಿಮೆಯಲ್ಲೂ ಖಾತೆಯದೇ ಕಥೆ. ಮೊದಲ ವರ್ಷ ಆಕೆ ಪಿಂಚಣಿ ಹಣದಿಂದ ಏಜೆಂಟನ ಕೈಗೆ ನಗದು ಕೊಟ್ಟು ರಸೀದಿ ತಂದಿಟ್ಟಿದ್ದಳು. ಪ್ರೀಮಿಯಂ ನಗದಾಗಿ ಕಟ್ಟಿದರೆ 80ಡಿ ಸಿಗುವುದಿಲ್ಲ, ಜೊತೆಗೆ ಅದು ನಾನು ಕಟ್ಟಿದ ಹಣವೂ ಅಲ್ಲ. ಮರುವರ್ಷದಿಂದ 38,000 ರೂಪಾಯಿ ನನ್ನ ಖಾತೆಯಿಂದ ಆನ್‌ಲೈನ್‌ನಲ್ಲಿ ಹೋಗುತ್ತಿದೆ. ‘ನನ್ನ ಕಾಯಿಲೆಗೆ ನಿನ್ನ ದುಡ್ಡೇಕೋ’ ಎಂದು ಗೊಣಗಿದ ಅಮ್ಮ, ಅಂದಿನಿಂದ ಮನೆಯ ಕರೆಂಟ್ ಬಿಲ್ಲನ್ನು ನನಗೆ ಮುಟ್ಟಲು ಬಿಟ್ಟಿಲ್ಲ.