18 ಮೀಟರ್ ಡಕ್ಟ್, 80 ಡಿಗ್ರಿ ಗಾಳಿ: ಅಡಿಕೆ ಡ್ರೈಯರ್‌ನಲ್ಲಿ ನಾನು ಮಾಡ್ಕೊಂಡ ಎಡವಟ್ಟು, ಆಮೇಲೆ ಸರಿ ಹೋಗಿದ್ದು

ಕಳೆದ ಕೊಯ್ಲಿನಲ್ಲಿ ತೀರ್ಥಹಳ್ಳಿ ಕಡೆ ಒಬ್ರ ತೋಟಕ್ಕೆ ಅಡಿಕೆ ಡ್ರೈಯರ್ ಡಕ್ಟ್ ಮಾಡಿಕೊಟ್ಟೆ. ಬೆಂಕಿ ಭಯಕ್ಕೆ ಒಲೆ ಮನೇನ ದೂರ ಕಟ್ಟಿದ್ರು, ಅಲ್ಲಿಂದ ಒಣಗಿಸೋ ರೂಮಿಗೆ 18 ಮೀಟರ್. ಒಳಗೆ ಹೋಗುವಲ್ಲಿ ತೊಲೆ ಅಡ್ಡ ಬರ್ತಿತ್ತು ಅಂತ ಇಡೀ ಡಕ್ಟ್ ಚಪ್ಪಟೆ ಮಾಡಿದೆ, 600 ಎಂಎಂ ಅಗಲ, 150 ಎಂಎಂ ಎತ್ತರ. ಒಲೆ ಬಾಯಲ್ಲಿ 80 ಡಿಗ್ರಿ. ರೂಮಿಗೆ 70 ಬರುತ್ತೆ ಅಂತ ನಾನೇ ಲೆಕ್ಕ ಹಾಕಿ ಜಂಬದಲ್ಲಿ ಹೇಳಿಬಿಟ್ಟಿದ್ದೆ.

ಬಂದಿದ್ದು 65. ಮಳೆ ಹೊಡೆದಾಗ 57. ಬೇಯಿಸಿದ ಅಡಿಕೆ ಎರಡನೇ ದಿನಕ್ಕೇ ಬೂಷ್ಟು ಹಿಡಿಯೋಕೆ ಶುರು ಆಯ್ತು. "ಏನ್ ಮಾರಾಯ್ರೇ, ನಿಮ್ ಲೆಕ್ಕಕ್ಕೆ ಮಳೆ ಗೊತ್ತಿಲ್ವಾ?" ಅಂದ್ರು ತೋಟದವರು. ಇನ್ನೊಬ್ಬ ಫ್ಯಾಬ್ರಿಕೇಟರ್ ಬಂದು ನೋಡಿ ಬ್ಲೋವರ್ ದೊಡ್ಡದು ಹಾಕಿ, ಒಲೆ ದೊಡ್ಡದು ಮಾಡಿ, 60 ಸಾವಿರ ಆಗುತ್ತೆ ಅಂದ. ನಾನು ಹಟಕ್ಕೆ ಬಿದ್ದು ಎರಡು ರಾತ್ರಿ ಪೇಪರ್ ಹಿಡ್ಕೊಂಡು ಕೂತೆ.

ತಪ್ಪು ಎಲ್ಲಿತ್ತು ಅಂದ್ರೆ, ಡಕ್ಟ್ ಚಾರ್ಟಿನಲ್ಲಿ 600×150ಕ್ಕೆ ಸಮನಾದ ರೌಂಡ್ ಡಕ್ಟ್ ಅಂತ ಸುಮಾರು 310 ಎಂಎಂ ಸಿಗುತ್ತಲ್ಲ, ನಾನು ಅದನ್ನೇ ಹಿಡ್ಕೊಂಡು ಸುತ್ತಳತೆ π×0.31, ಅಂದ್ರೆ ಮೀಟರಿಗೆ 0.97 ಚದರ ಮೀಟರ್ ಅಂತ ಲೆಕ್ಕ ಮಾಡಿದ್ದೆ. ಆ ಚಾರ್ಟು ಇರೋದು ಪ್ರೆಶರ್ ಡ್ರಾಪಿಗೆ. ಬಿಸಿ ಸೋರೋದು ನಿಜವಾದ ತಗಡಿನ ಮೂಲಕ, ತಗಡು ಮೀಟರಿಗೆ 1.5 ಚದರ ಮೀಟರ್ ಇದೆ. ಸುಮಾರು ಮೂರನೇ ಒಂದು ಭಾಗ ತಗಡನ್ನ ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ!

ಹೈಡ್ರಾಲಿಕ್ ಡಯಾಮೀಟರಲ್ಲೂ ಇದೇ ಗುಂಡಿ ಇದೆ ನೋಡಿ. 4A/P, ಅಂದ್ರೆ ಏರಿಯಾದ ನಾಲ್ಕು ಪಟ್ಟನ್ನ ಸುತ್ತಳತೆಯಿಂದ ಭಾಗ ಮಾಡಿದ್ರೆ 0.24 ಮೀಟರ್ ಬರುತ್ತೆ. ಅದು ರೆನಾಲ್ಡ್ಸ್ ನಂಬರಿಗೆ, ನಸೆಲ್ಟ್ ನಂಬರಿಗೆ, ಗಾಳಿಯಿಂದ ತಗಡಿಗೆ ಬಿಸಿ ದಾಟೋ ಗುಣಾಂಕ h ತೆಗೆಯೋಕೆ, ಅಷ್ಟೇ. ಗಾಳಿ ವೇಗಕ್ಕೆ ನಿಜವಾದ ಏರಿಯಾ 0.09 ತಗೊಳ್ಳಿ, ಸೋರಿಕೆಗೆ ನಿಜವಾದ ಸುತ್ತಳತೆ ತಗೊಳ್ಳಿ. 0.24ನ್ನ ಪೈಪು ಅಂತ ನಂಬಿ π ಹಾಕಿದ್ರೆ ತಗಡಿನ ಮೈ ಅರ್ಧಕ್ಕೆ ಇಳಿಯುತ್ತೆ, 72 ಡಿಗ್ರಿ ಅಂತ ಇನ್ನೂ ಸಿಹಿ ಉತ್ತರ ಬರುತ್ತೆ.

ಸರಿ ಮಾಡಿದ ಲೆಕ್ಕ ಇಷ್ಟು. hi ಒಳಗಿನ h, ho ಹೊರಗಿನ h, U ಎರಡೂ ಸೇರಿದ ಒಟ್ಟು ಗುಣಾಂಕ, Ta ಹೊರಗಿನ ಗಾಳಿಯ ಡಿಗ್ರಿ, L ಡಕ್ಟಿನ ಉದ್ದ, m·cp ಸೆಕೆಂಡಿಗೆ ಹರಿಯೋ ಗಾಳಿ ಪ್ರತಿ ಡಿಗ್ರಿಗೆ ಹೊರೋ ಬಿಸಿ:

```
Dh   = 4A/P
Nu   = 0.023 Re^0.8 Pr^0.3
1/U  = 1/hi + 1/ho
Tout = Ta + (Tin - Ta) exp(-U P L / (m cp))
```

ಬ್ಲೋವರ್ ಪ್ಲೇಟಲ್ಲಿ 3000 ಅಂತ ಇದ್ರೂ ಅನಿಮೋಮೀಟರ್ ಹಿಡಿದ್ರೆ ಗಂಟೆಗೆ 2000 ಕ್ಯೂಬಿಕ್ ಮೀಟರ್ ಆಸುಪಾಸು ಸಿಕ್ತು, ವೇಗ ಸೆಕೆಂಡಿಗೆ 6 ಮೀಟರ್ ಚಿಲ್ಲರೆ. Re ಸುಮಾರು 70 ಸಾವಿರ, Nu 157, ಒಳಗಿನ h 20ರ ಹತ್ತಿರ. ಹೊರಗಡೆ ಗಾಳಿ, ರೇಡಿಯೇಶನ್ ಸೇರಿಸಿ 10 ಹಿಡಿದೆ. U 6.7 ಬಂತು. ತಗಡು 27 ಚದರ ಮೀಟರ್, ಗಾಳಿಯ m·cp ಸುಮಾರು 560, ಹೊರಗೆ 25 ಡಿಗ್ರಿ. ಘಾತ 0.32, exp ತೆಗೆದ್ರೆ 0.72, ಔಟ್ಲೆಟ್ 65. ಅಳತೆಗೆ ಕೂತುಬಿಡ್ತು. ಮಳೆ ನೀರು ತಗಡಿನ ಮೇಲೆ ಹರೀವಾಗ ಹೊರಗಿನ 10ನ್ನ 25 ಮಾಡಿ ನೋಡಿದೆ, 57 ಬಂತು. ಈ 25 ಉತ್ತರ ನೋಡ್ಕೊಂಡು ಹಾಕಿದ್ದು ಅಂತ ಒಪ್ಕೋತೀನಿ, ಆದ್ರೂ ಅಂದಾಜು ದಾರಿ ತಪ್ಪಿಲ್ಲ.

ಅಳತೆ ಬಗ್ಗೆ ಒಂದು ಮಾತು. ಪ್ರೋಬ್ ಡಕ್ಟಿನ ನಡುವೆ ಮಾತ್ರ ಇಟ್ರೆ ನನಗೆ 67 ತೋರಿಸ್ತಿತ್ತು, ಮೂಲೆಗೆ ತಳ್ಳಿದ್ರೆ 61. ಚಪ್ಪಟೆ ಡಕ್ಟಿನ ಮೂಲೆಯಲ್ಲಿ ಗಾಳಿ ಸುಸ್ತಾಗಿರುತ್ತೆ, ತಗಡಿನ ತಣ್ಪು ಅಲ್ಲೇ ಜಾಸ್ತಿ. ಅದಕ್ಕೇ ಒಂಬತ್ತು ಕಡೆ ಓದಿ, ವೇಗ ನೋಡ್ಕೊಂಡು ಸರಾಸರಿ ತಗೊಂಡೆ. ನಡುವಿನ ಒಂದೇ ಅಂಕಿ ಹಿಡ್ಕೊಂಡು ಜಗಳ ಆಡೋರೇ ಜಾಸ್ತಿ ನಮ್ಮ ಲೈನಲ್ಲಿ.

ಮಧ್ಯೆ ತೋಟದವರ ಮಗ ಒಂದು ಐಡಿಯಾ ಕೊಟ್ಟ, ಗಾಳಿ ನಿಧಾನ ಬಿಟ್ರೆ ಬಿಸಿ ಉಳಿಯುತ್ತೆ ಅಲ್ವಾ ಅಣ್ಣ ಅಂತ. ನೋಡೇಬಿಡೋಣ ಅಂತ ಡ್ಯಾಂಪರ್ ಅರ್ಧ ಮುಚ್ಚಿ, ಬೆಂಕಿ ತಗ್ಗಿಸಿ ಒಲೆ ಬಾಯಲ್ಲಿ ಅದೇ 80 ಹಿಡಿದ್ವಿ. ರೂಮಲ್ಲಿ 58ಕ್ಕೆ ಇಳೀತು. ಗಾಳಿ ಅರ್ಧ ಆದ್ರೂ ಹೊರಗಿನ 10 ಕಮ್ಮಿ ಆಗಲ್ವಲ್ಲ, ಹಾಗಾಗಿ U ಸ್ವಲ್ಪ ಮಾತ್ರ ಇಳಿಯುತ್ತೆ, ಒಂದೊಂದು ಕೆಜಿ ಗಾಳಿ ಜಾಸ್ತಿ ಹೊತ್ತು ತಗಡಿನ ಪಕ್ಕ ನಿಂತು ಬಿಸಿ ಕಳ್ಕೊಳ್ಳುತ್ತೆ. ಹುಡುಗ ಬೇಜಾರಾದ, ನನಗಂತೂ ಲೆಕ್ಕದ ಮೇಲೆ ನಂಬಿಕೆ ಬಂತು.

ಆಮೇಲೆ ಆಸ್ಪೆಕ್ಟ್ ರೇಶಿಯೋ, ಅಂದ್ರೆ ಅಗಲಕ್ಕೂ ಎತ್ತರಕ್ಕೂ ಇರೋ ಅನುಪಾತ. ಏರಿಯಾ ಅದೇ 0.09 ಇಟ್ಕೊಂಡು ಆಕಾರ ಬದಲಾಯಿಸಿ ನೋಡಿದೆ. 300×300 ಚೌಕ ಮಾಡಿದ್ರೆ ತಗಡು 21.6 ಚದರ ಮೀಟರ್, ಔಟ್ಲೆಟ್ 68ರ ಹತ್ತಿರ. ನನ್ನ 4:1ಕ್ಕೆ 65. 900×100 ಮಾಡಿದ್ರೆ 60ರ ಮೇಲೆ ಚೂರು. ಹೈಡ್ರಾಲಿಕ್ ಡಯಾಮೀಟರ್ ಸಣ್ಣದಾದಷ್ಟೂ ಒಳಗಿನ h ಸ್ವಲ್ಪ ಏರುತ್ತೆ, ಆದ್ರೆ ಅದು ಚಿಲ್ಲರೆ, 19 ಇದ್ದಿದ್ದು 21 ಆಗುತ್ತೆ. ಹೊಡೆತ ಕೊಡೋದು ಸುತ್ತಳತೆ. ಚೌಕ ಮಾಡಿದ್ರೆ ತಗಡೂ ಉಳಿತಿತ್ತು, ಕಮ್ಮಿ ಅಂದ್ರೂ 25 ಕೆಜಿ. ತೊಲೆ ಹತ್ರ ಮಾತ್ರ ಚಪ್ಪಟೆ ಮಾಡಿ ಉಳಿದಿದ್ದು ಚೌಕ ಮಾಡಬಹುದಿತ್ತು ಅಂತ ಆಗ ಹೊಳೀಲೇ ಇಲ್ಲ.

ಆದ್ರೆ ಮಾಡಿದ ಡಕ್ಟ್ ಕಿತ್ತು ಹಾಕೋಕೆ ದುಡ್ಡು ಯಾರು ಕೊಡ್ತಾರೆ. 25 ಎಂಎಂ ಗ್ಲಾಸ್ ವೂಲ್ ಸುತ್ತಿದ್ರೆ ಅಂತ, 1/Uಗೆ ವೂಲಿನ ತಡೆಯನ್ನೂ ಸೇರಿಸಿ ಲೆಕ್ಕ ಹಾಕಿದೆ, U 6.7ರಿಂದ 1.3ಕ್ಕೆ ಬಿತ್ತು, ಔಟ್ಲೆಟ್ 76.5 ಚಿಲ್ಲರೆ. 50 ಎಂಎಂ ಹಾಕಿದ್ರೆ 78, ಆ ಒಂದೂವರೆ ಡಿಗ್ರಿಗೆ ಡಬಲ್ ದುಡ್ಡು ಬೇಡ ಅಂತ 25ಕ್ಕೇ ನಿಂತೆ. ಸುತ್ತಿದ ಮೇಲೆ ಚೌಕಕ್ಕೂ ನನ್ನ 4:1ಕ್ಕೂ ಇರೋ ವ್ಯತ್ಯಾಸವೂ ಒಂದು ಡಿಗ್ರಿಗಿಂತ ಒಳಗೆ ಬಂದುಬಿಡುತ್ತೆ, ಚಪ್ಪಟೆ ಮಾಡಿದ ಪಾಪ ಅಲ್ಲಿಗೆ ಪರಿಹಾರ.

ವೂಲ್, ಮೇಲೆ ಮಳೆಗೆ ತಗಡಿನ ಹೊದಿಕೆ, ಕೂಲಿ ಎಲ್ಲಾ ಸೇರಿ 11 ಸಾವಿರದ ಹತ್ರ ಆಯ್ತು. ಹೊದಿಕೆ ಬಿಡಬೇಡಿ, ನೆಂದ ವೂಲಿಗಿಂತ ಖಾಲಿ ತಗಡೇ ವಾಸಿ. ಮೊದಲ ದಿನ 74 ಬಂತು, 76 ಅಲ್ಲ. ಕೈ ಇಟ್ಟು ನೋಡಿದ್ರೆ ಫ್ಲ್ಯಾಂಜುಗಳು ಹಾಗೇ ಬಿಸಿ ಹೊಡೀತಿದ್ವು, ಹುಡುಗರು ಜಾಯಿಂಟ್ ಬಿಟ್ಟು ಸುತ್ತಿದ್ರು. ಅದನ್ನೂ ಮುಚ್ಚಿದ ಮೇಲೆ 76. ಜಾಯಿಂಟ್ ಸೋರಿಕೆಗೆ ನಾನು ಏನು ಹಚ್ತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು 😄

ಮೊದಲು ದಾರಿಯಲ್ಲೇ 8 ಕಿಲೋವ್ಯಾಟ್ ಮೇಲೆ ಹೋಗ್ತಿತ್ತು, ಈಗ 2ರ ಆಸುಪಾಸು. ಅವರ ಒಲೆಗೆ ಗಂಟೆಗೆ 3 ಕೆಜಿ ಸೌದೆ ಕಮ್ಮಿ ಅಂತ ನನ್ನ ಅಂದಾಜು. ತೋಟದವರು ಈಗ ಬೆಂಕಿ ತಗ್ಗಿಸಿ ಒಲೆ ಬಾಯಲ್ಲಿ 70ರಲ್ಲೇ ಓಡಿಸ್ತಿದ್ದಾರೆ, ರೂಮಿಗೆ 67 ಬರ್ತಿದೆ, ಬೂಷ್ಟಿನ ಸುದ್ದಿ ಇಲ್ಲ. 60 ಸಾವಿರ ಹೇಳಿದ್ದ ಆ ಫ್ಯಾಬ್ರಿಕೇಟರ್ ಹೋದ ವಾರ ಫೋನ್ ಮಾಡಿ ವೂಲ್ ಎಲ್ಲಿ ತಗೊಂಡ್ರಿ ಅಂತ ಕೇಳ್ದ. ನನ್ನ 11 ಸಾವಿರದಲ್ಲಿ ಮಾತ್ರ 4 ಸಾವಿರ ಇನ್ನೂ ಬಾಕಿ, ಅಡಿಕೆ ಮಂಡಿಗೆ ಹಾಕಿದ ಮೇಲೆ ಕೊಡ್ತೀನಿ ಅಂದಿದ್ದಾರೆ.